ಒಂದು ಚುಕ್ಕೆ ಜರುಗಿದ ಖರ್ಚಿನ ವರದಿ: ಕತೆಗೆ ಬೇಕಾದ ಲೆಕ್ಕ

ಪ್ರಶ್ನೆ: ಬೆಳಗಾವಿಯಲ್ಲಿ ನಡೆಯುವ ಒಂದು ಸಣ್ಣಕತೆ ಬರೀತಾ ಇದ್ದೀನಿ. ಸವಿತಾ ಅಂತ ಹುಡುಗಿ, ಟಿಳಕವಾಡಿಯ ಒಂದು ಸಣ್ಣ ಕನ್ಸಲ್ಟಿಂಗ್ ಆಫೀಸಿನಲ್ಲಿ ಹೊಸ ಅನಲಿಸ್ಟ್. ಉದ್ಯಮಬಾಗದ ಒಂದು ಫೌಂಡ್ರಿಯ ಖರೀದಿ ಖರ್ಚಿನ ವರದಿಯಲ್ಲಿ ದಶಮಾಂಶದ ಚುಕ್ಕೆ ತಪ್ಪು ಜಾಗದಲ್ಲಿ ಬಿದ್ದಿರೋದನ್ನ ಕ್ಲೈಂಟ್ ನೋಡೋದಕ್ಕಿಂತ ಮೊದಲು ಹಿಡೀತಾಳೆ. ನನಗೆ ಈ ಕೆಲಸದ ಒಳಗು ಗೊತ್ತಿಲ್ಲ. ಅಂಥ ತಪ್ಪು ನಿಜವಾಗಿ ಹೇಗೆ ಆಗುತ್ತೆ, ಸೀನಿಯರ್‌ಗಳ ಕಣ್ಣು ಹೇಗೆ ತಪ್ಪಿಸಿಕೊಳ್ಳುತ್ತೆ, ಅವಳು ಹೇಗೆ ಹಿಡೀಬಹುದು, ಹಿಡಿದ ಮೇಲೆ ಏನೇನು ಮಾಡಬೇಕು? ಲೆಕ್ಕ ಬಲ್ಲವರು ಓದಿದರೆ ನಗಬಾರದು.

ಉತ್ತರ: ಮೊದಲು ತಪ್ಪು ಎಷ್ಟು ದೊಡ್ಡದಿರಬೇಕು ಎಂದು ನಿರ್ಧರಿಸಿ. ಹೊಸ ಕತೆಗಾರರು ಸಾಮಾನ್ಯವಾಗಿ ಲಕ್ಷವನ್ನು ಕೋಟಿ ಮಾಡಿಬಿಡುತ್ತಾರೆ. ಅದು ನೂರು ಪಟ್ಟು ತಪ್ಪು. ಬಿಲ್ಲಿನ ಪೈಸೆಯ ಎರಡು ಸೊನ್ನೆಗಳ ಮುಂದಿನ ಚುಕ್ಕೆ ಬಿಟ್ಟುಹೋದಾಗ ಹಾಗಾಗುತ್ತದೆ ನಿಜ, ಆದರೆ ಎರಡು ಲಕ್ಷದ ಸಾಮಾನು ಎರಡು ಕೋಟಿಯಾದರೆ ಮಧ್ಯಮ ಗಾತ್ರದ ಫೌಂಡ್ರಿಯ ವರದಿಯಲ್ಲಿ ಅದು ಆಫೀಸಿನ ಹುಡುಗನ ಕಣ್ಣಿಗೂ ಬೀಳುತ್ತದೆ. ಕತೆಗೆ ಬೇಕಾದದ್ದು ಹತ್ತು ಪಟ್ಟಿನ ತಪ್ಪು, ಅದೂ ಮೂರು ಬಿಲ್ಲುಗಳ ಪೈಕಿ ಒಂದರಲ್ಲಿ ಮಾತ್ರ. ಅಂಥದ್ದು ಗುಂಪಿನೊಳಗೆ ಅಡಗಿ ಕೂರುತ್ತದೆ.

ಸಾಮಾನು ಯಾವುದು ಎನ್ನುವುದೂ ಮುಖ್ಯ. ಪಿಗ್ ಐರನ್, ಸ್ಕ್ರ್ಯಾಪ್, ಕರೆಂಟು ಬೇಡ. ಅವುಗಳ ಅಂಕಿ ಫೌಂಡ್ರಿಯ ಎಲ್ಲರಿಗೂ ಬಾಯಿಪಾಠ, ಕರಡು ನೋಡಿದ ತಕ್ಷಣ ಯಾರಾದರೂ ಹಿಡಿಯುತ್ತಾರೆ. ನನ್ನ ಸಲಹೆ ಸ್ಟೀಲ್ ಶಾಟ್. ಅಚ್ಚಿನಿಂದ ಹೊರಬಂದ ಎರಕಕ್ಕೆ ಅಂಟಿದ ಮರಳು ಕಿತ್ತುಹೋಗಲೆಂದು ಶಾಟ್ ಬ್ಲಾಸ್ಟಿಂಗ್ ಯಂತ್ರದಲ್ಲಿ ಜೋರಾಗಿ ಎರಚುವ ಸಣ್ಣ ಉಕ್ಕಿನ ಗುಂಡುಗಳಿವು. ಬಳಸುತ್ತ ಬಳಸುತ್ತ ಸವೆದು ಪುಡಿಯಾಗುತ್ತವೆ, ಹಾಗಾಗಿ ತಿಂಗಳು ತಿಂಗಳು ಕೊಳ್ಳಲೇಬೇಕು. ಆದರೆ ಒಟ್ಟು ಖರ್ಚಿನಲ್ಲಿ ಅವುಗಳ ಪಾಲು ಚಿಕ್ಕದು, ದೊಡ್ಡವರು ಗಮನಿಸುವುದಿಲ್ಲ.

ಇನ್ನು ಲೆಕ್ಕ ಕಟ್ಟೋಣ. ಏಪ್ರಿಲ್‌ನಿಂದ ಜೂನ್‌ವರೆಗಿನ ಮೂರು ತಿಂಗಳ ವರದಿ. ಆ ಮೂರು ತಿಂಗಳಲ್ಲಿ ಫೌಂಡ್ರಿ 1,800 ಟನ್ ಒಳ್ಳೆಯ ಎರಕ ತೆಗೆದಿದೆ ಎಂದಿಟ್ಟುಕೊಳ್ಳಿ. ಅದರ ಹಿಂದಿನ ಮೂರು ತಿಂಗಳಲ್ಲಿ 1,720 ಟನ್. ಶಾಟ್ ಕೊಲ್ಲಾಪುರದ ವ್ಯಾಪಾರಿಯಿಂದ ತಿಂಗಳಿಗೊಮ್ಮೆ ಮೂರು ಟನ್ ಬರುತ್ತದೆ. ಏಪ್ರಿಲ್ ಮತ್ತು ಮೇನಲ್ಲಿ ಕಿಲೋಗೆ 72 ರೂಪಾಯಿಯಂತೆ ತಲಾ 2,16,000. ಜೂನ್‌ನಲ್ಲಿ ದರ 74ಕ್ಕೆ ಏರಿ 2,22,000. ಒಟ್ಟು 6,54,000. ಇವೆಲ್ಲ ತೆರಿಗೆ ಬಿಟ್ಟ ಮೊತ್ತ. ಖರ್ಚಿನ ವರದಿಯಲ್ಲಿ ಸಾಮಾನ್ಯವಾಗಿ ಜಿಎಸ್‌ಟಿ ಸೇರಿಸುವುದಿಲ್ಲ, ಯಾಕೆಂದರೆ ಅದು ಇನ್‌ಪುಟ್ ಕ್ರೆಡಿಟ್ ಆಗಿ ಕಂಪನಿಗೆ ಮರಳುತ್ತದೆ.

ತಪ್ಪು ಹುಟ್ಟುವ ಜಾಗ ಯಾವುದು? ಕಂಪ್ಯೂಟರಿನಿಂದ ನೇರ ಇಳಿಸಿಕೊಂಡ ಸಾವಿರಾರು ಸಾಲುಗಳಲ್ಲಿ ಒಂದೇ ಸಾಲಿನ ಚುಕ್ಕೆ ಜರುಗುವುದು ಅಪರೂಪ. ಅಲ್ಲಿ ತಪ್ಪಾದರೆ ಇಡೀ ಕಾಲಂ ತಪ್ಪಾಗುತ್ತದೆ. ಒಂಟಿ ತಪ್ಪು ಹುಟ್ಟುವುದು ಕೈಯಿಂದ ಟೈಪ್ ಮಾಡುವ ಕಡೆ, ಮತ್ತು ಪ್ರತಿ ವರದಿಯಲ್ಲೂ ಅಂಥ ಒಂದು ಮೂಲೆ ಇದ್ದೇ ಇರುತ್ತದೆ. ಅದೇ ತಡವಾಗಿ ಬಂದ ಬಿಲ್ಲುಗಳ ಶೀಟ್. ಫೌಂಡ್ರಿಯ ಸಾಫ್ಟ್‌ವೇರ್‌ನಿಂದ ಖರೀದಿಯ ಪಟ್ಟಿಯನ್ನು ಜುಲೈ 3ಕ್ಕೆ ಇಳಿಸಿಕೊಂಡಿದ್ದಾರೆ. ಜೂನ್ 29ಕ್ಕೆ ಸಾಮಾನು ಬಂದಿದ್ದರೂ ಶಾಟ್ ಬಿಲ್ಲು ಇನ್ನೂ ಸಾಫ್ಟ್‌ವೇರ್‌ಗೆ ಏರಿರಲಿಲ್ಲ. ಸ್ಟೋರಿನವರು ಅಂಥ ಹನ್ನೊಂದು ಬಿಲ್ಲುಗಳ ಫೋಟೋ ತೆಗೆದು ವಾಟ್ಸಾಪ್‌ನಲ್ಲಿ ಕಳಿಸಿದ್ದಾರೆ. ಆಫೀಸಿನಲ್ಲಿ ಯಾರೋ ಅವನ್ನು ಕೈಯಿಂದ ಶೀಟಿಗೆ ಏರಿಸಿದ್ದಾರೆ. ಆ ಶೀಟಿನ ತಲೆಬರಹ ‘ಮೊತ್ತ, ಲಕ್ಷಗಳಲ್ಲಿ’. ಹೀಗಾಗಿ ಟೈಪ್ ಮಾಡುವವರು ಪ್ರತಿ ಬಿಲ್ಲನ್ನೂ ಮನಸ್ಸಿನಲ್ಲೇ ಲಕ್ಷಕ್ಕೆ ತಿರುಗಿಸಬೇಕು. 2,22,000 ಎಂದರೆ 2.22. ಸುಸ್ತಾದ ಕಣ್ಣು ‘22’ ಎಂದು ಓದಿ, ಕೈ 22.20 ಎಂದು ಹೊಡೆದಿದೆ.

ಆ ಸಾಲು ರೂಪಾಯಿಗೆ ತಿರುಗಿ ಮುಖ್ಯ ಶೀಟಿಗೆ ಸೇರಿದ ಮೇಲೆ ತಪ್ಪನ್ನು ಮರೆಮಾಡುವ ಇನ್ನೊಂದು ಸಂಗತಿ ಕಾಮಾ. ನಮ್ಮ ಬಿಲ್ಲುಗಳಲ್ಲಿ 2,22,000 ಎಂದಿರುತ್ತದೆ. ಎಕ್ಸೆಲ್ ಬಹಳಷ್ಟು ಕಂಪ್ಯೂಟರುಗಳಲ್ಲಿ ಮೂರು ಮೂರು ಅಂಕಿಗೆ ಕಾಮಾ ಹಾಕಿ ತೋರಿಸುತ್ತದೆ. ಅದರಲ್ಲಿ ಎರಡು ಲಕ್ಷ ಇಪ್ಪತ್ತೆರಡು ಸಾವಿರ 222,000 ಆಗುತ್ತದೆ, ಇಪ್ಪತ್ತೆರಡು ಲಕ್ಷ ಇಪ್ಪತ್ತು ಸಾವಿರ 2,220,000 ಆಗುತ್ತದೆ. ಈಗ 2,22,000 ಮತ್ತು 2,220,000 ಎರಡನ್ನೂ ಪಕ್ಕಪಕ್ಕ ಇಟ್ಟು ಬೇಗ ಓದಿ ನೋಡಿ. ಎರಡೂ ಎರಡು ಕಾಮಾ, ಎರಡೂ ‘2,22’ ಎಂದೇ ಶುರು. ಲಕ್ಷದ ಕಾಮಾ ತೋರಿಸಲು ಆಫೀಸಿನವರು ಸಾಮಾನ್ಯವಾಗಿ ಈ ಕಸ್ಟಮ್ ಫಾರ್ಮ್ಯಾಟ್ ಬಳಸುತ್ತಾರೆ:

```
[>=10000000]##\,##\,##\,##0;[>=100000]##\,##\,##0;##,##0
```

ಇದೂ ಪೂರ್ತಿ ಪರಿಹಾರವಲ್ಲ. ಋಣ ಮೊತ್ತಗಳಿಗೆ, ಅಂದರೆ ಹಿಂದಿರುಗಿಸಿದ ಸಾಮಾನಿಗೆ ವ್ಯಾಪಾರಿ ಕೊಡುವ ಕ್ರೆಡಿಟ್ ನೋಟುಗಳಿಗೆ, ಇದು ಮತ್ತೆ ಮೂರರ ಕಾಮಾಗೇ ಮರಳುತ್ತದೆ.

ಈಗ ಸೀನಿಯರ್‌ಗಳ ಕಣ್ಣು ತಪ್ಪಿದ್ದು ಹೇಗೆ ಎಂಬುದು. ಕತೆಯ ಜೀವ ಇಲ್ಲಿದೆ, ಇಲ್ಲಿ ಅವಸರ ಮಾಡಬೇಡಿ. ಮ್ಯಾನೇಜರ್ ಸೋಮಾರಿ ಅಥವಾ ದಡ್ಡ ಎಂದು ಬರೆದರೆ ಕತೆ ಸಪ್ಪೆಯಾಗುತ್ತದೆ, ಜೊತೆಗೆ ಸುಳ್ಳೂ ಆಗುತ್ತದೆ. ಅವರು ತಪಾಸಣೆ ಮಾಡಿರುತ್ತಾರೆ, ತಪಾಸಣೆ ಪಾಸೂ ಆಗಿರುತ್ತದೆ.

ಮೊದಲ ತಪಾಸಣೆ ಕೂಡಿಕೆಯದು. ವರದಿಯ ಕೊನೆಯ ಒಟ್ಟು 1,169.03 ಲಕ್ಷ, ಎಲ್ಲ ಗುಂಪುಗಳ ಮೊತ್ತ ಕೂಡಿದರೂ ಅಷ್ಟೇ, ವ್ಯಾಪಾರಿಗಳ ಪಟ್ಟಿ ಕೂಡಿದರೂ ಅಷ್ಟೇ. ಸರಿ ಎಂದು ಹಸಿರು ಟಿಕ್ ಬಿದ್ದಿದೆ. ಆದರೆ ಮೂರೂ ಒಟ್ಟುಗಳು ಬಂದಿರುವುದು ಒಂದೇ ಶೀಟಿನಿಂದ. ತಪ್ಪು ಆ ಶೀಟಿನೊಳಗೇ ಇದ್ದರೆ ಮೂರೂ ಕಡೆ ಒಂದೇ ತಪ್ಪು ಬರುತ್ತದೆ, ಮೂರೂ ಒಂದಕ್ಕೊಂದು ತಾಳೆಯಾಗುತ್ತವೆ. ಇಂಥ ತಪಾಸಣೆ ಸೂತ್ರ ಕೆಟ್ಟಿಲ್ಲ ಎಂದು ಹೇಳುತ್ತದೆ, ಅಂಕಿ ನಿಜ ಎಂದು ಹೇಳುವುದಿಲ್ಲ.

ಎರಡನೇ ತಪಾಸಣೆ ಹೊರಗಿನದು, ಅದು ಹೆಚ್ಚು ಬೆಲೆಯುಳ್ಳದ್ದು. ಫೌಂಡ್ರಿಯ ಅಕೌಂಟ್ಸ್ ವಿಭಾಗ ಜುಲೈ 10ಕ್ಕೆ ಜೂನ್ ಲೆಕ್ಕ ಮುಗಿಸಿ ಟ್ರಯಲ್ ಬ್ಯಾಲೆನ್ಸ್, ಅಂದರೆ ಎಲ್ಲ ಖಾತೆಗಳ ಬಾಕಿಯ ಪಟ್ಟಿ, ಕಳಿಸಿದೆ. ಅದರ ಪ್ರಕಾರ ಖರೀದಿ ಖರ್ಚು 1,148.62 ಲಕ್ಷ. ವರದಿಯದು 20.41 ಲಕ್ಷ ಹೆಚ್ಚು. ಮ್ಯಾನೇಜರ್ ಇದನ್ನು ನೋಡಿದ್ದಾರೆ. ನೋಡಿ ಭಾಗಿಸಿದ್ದಾರೆ, ವ್ಯತ್ಯಾಸ ಶೇ. 1.78. ಆಫೀಸಿನ ನಿಯಮ ಶೇ. 2ರ ಒಳಗಿದ್ದರೆ ನಡೆಯುತ್ತದೆ ಎಂದು. ಈ ನಿಯಮಕ್ಕೆ ಕಾರಣವೂ ಇದೆ. ಸಾಗಣೆ ವೆಚ್ಚ, ರೌಂಡಿಂಗ್, ಹಿಂದೆಮುಂದೆಯಾದ ತಾರೀಖು ಇವುಗಳಿಂದ ಎರಡು ಲೆಕ್ಕಗಳು ಪೈಸೆಗೆ ಪೈಸೆ ಹೊಂದುವುದು ಕಡಿಮೆ. ಆದರೆ ಹನ್ನೊಂದೂವರೆ ಕೋಟಿಯ ಮೇಲೆ ಶೇ. 2 ಎಂದರೆ ಸುಮಾರು 23 ಲಕ್ಷ. ಶಾಟ್‌ನ ಮೂರು ತಿಂಗಳ ಪೂರ್ತಿ ಖರ್ಚು ಆರೂವರೆ ಲಕ್ಷ. ಅಂದರೆ ಅದರ ಮೂರು ಪಟ್ಟು ತಪ್ಪು ಬಂದರೂ ಈ ಜಾಲರಿಯಿಂದ ಸೋರಿಹೋಗುತ್ತದೆ. ಒಟ್ಟು ಮೊತ್ತಕ್ಕೆ ಶೇಕಡಾ ಲೆಕ್ಕದ ರಿಯಾಯಿತಿ ಕೊಟ್ಟ ಕಡೆ ಸಣ್ಣ ಸಾಲುಗಳ ತಪ್ಪಿಗೆ ಯಾವತ್ತೂ ಆಸರೆ ಸಿಗುತ್ತದೆ.

ಮೂರನೆಯದು, ಹಿಂದಿನ ಮೂರು ತಿಂಗಳ ಜೊತೆ ಹೋಲಿಕೆ. ಶಾಟ್ ಸಾಲನ್ನು ಒಂಟಿಯಾಗಿ ಹೋಲಿಸಿದ್ದರೆ ಅದು 6.19 ಲಕ್ಷದಿಂದ 26.52 ಲಕ್ಷಕ್ಕೆ ಜಿಗಿದದ್ದು ಕಾಣುತ್ತಿತ್ತು. ಆದರೆ ಮುಖ್ಯ ಸ್ಲೈಡಿನಲ್ಲಿ ಗುಂಪುಗಳು ಮಾತ್ರ ಇರುತ್ತವೆ. ಶಾಟ್ ಇರುವುದು ‘ಇತರ ಉಪಭೋಗ್ಯ ಸಾಮಗ್ರಿ’ ಎಂಬ ಗುಂಪಿನಲ್ಲಿ, ಗ್ರೈಂಡಿಂಗ್ ಚಕ್ರ, ಫಿಲ್ಟರ್, ಸ್ಲೀವ್, ಕೈಗವಸು ಇವುಗಳ ನಡುವೆ. ಗುಂಪು 74.10 ಲಕ್ಷದಿಂದ 97.83 ಲಕ್ಷಕ್ಕೆ ಏರಿದೆ, ಶೇ. 32. ಏರಿಕೆ ಜಾಸ್ತಿಯೇ, ಆದರೆ ನಂಬಲಾಗದಷ್ಟಲ್ಲ. ಮ್ಯಾನೇಜರ್ ಅದರ ಪಕ್ಕ ಒಂದು ಸಾಲು ಬರೆದಿದ್ದಾರೆ: ‘ಉತ್ಪಾದನೆ ಹೆಚ್ಚಿದ್ದರಿಂದ ಉಪಭೋಗ್ಯ ಸಾಮಗ್ರಿ ಖರ್ಚು ಏರಿದೆ.’ ತಪ್ಪು ಅಂಕಿಗೆ ಹೀಗೊಂದು ಒಪ್ಪುವ ಕಾರಣ ಅಂಟಿಕೊಂಡ ಮೇಲೆ ಯಾರೂ ಅದನ್ನು ಮತ್ತೆ ಎತ್ತಿ ನೋಡುವುದಿಲ್ಲ. ಅಷ್ಟೇ ಅಲ್ಲ, ಮುಂದಿನ ಸ್ಲೈಡಿನಲ್ಲಿ ಸಲಹೆಯೂ ತಯಾರಾಗಿದೆ: ಶಾಟ್‌ಗೆ ವಾರ್ಷಿಕ ದರ ಒಪ್ಪಂದ ಮಾಡಿಕೊಂಡರೆ ಶೇ. 10 ಉಳಿತಾಯ, ಮೂರು ತಿಂಗಳಿಗೆ 2.65 ಲಕ್ಷ.

ಸವಿತಾ ಇಲ್ಲಿಂದ ಹಿಡಿಯಲಿ. ಪರದೆಯನ್ನೇ ದಿಟ್ಟಿಸುತ್ತ ಕೂತವಳಿಗೆ ಅಂಕಿ ತಾನಾಗಿ ಹೊಳೆಯಿತು ಎಂದು ಬರೆಯಬೇಡಿ, ಹಾಗೆ ಹೊಳೆಯುವುದಿಲ್ಲ. ಅವಳಿಗೆ ಕೊಟ್ಟಿರುವ ಕೆಲಸ ಕಾಗುಣಿತ ನೋಡುವುದು ಇರಬಹುದು. ‘ಉತ್ಪಾದನೆ ಹೆಚ್ಚಿದ್ದರಿಂದ’ ಎಂಬ ಸಾಲು ಓದಿದಾಗ, ಉತ್ಪಾದನೆ ಎಷ್ಟು ಹೆಚ್ಚಿದೆ ಎಂದು ಮೊದಲ ಸ್ಲೈಡಿಗೆ ಹೋಗಿ ನೋಡುತ್ತಾಳೆ. 1,720ರಿಂದ 1,800. ಶೇ. 5 ಕೂಡ ಇಲ್ಲ. ಐದು ಹೆಚ್ಚಿದ್ದಕ್ಕೆ ಮೂವತ್ತೆರಡು ಯಾಕೆ ಏರಬೇಕು? ಹೊಸಬರಿಗೆ ಇರುವ ಒಂದೇ ಅನುಕೂಲ ಇದು. ಆ ವಾಕ್ಯ ಬರೆದವರು ಅವರಲ್ಲ, ಆದ್ದರಿಂದ ಅದರ ಮೇಲೆ ಮಮತೆ ಇಲ್ಲ.

ಮುಂದೆ ಅವಳು ಗುಂಪಿನೊಳಕ್ಕೆ ಇಳಿಯಬೇಕು. ಅಲ್ಲಿ ಮೊತ್ತ ನೋಡಿ ಪ್ರಯೋಜನವಿಲ್ಲ, ದರ ನೋಡಬೇಕು. ಮೊತ್ತವನ್ನು ಪ್ರಮಾಣದಿಂದ ಭಾಗಿಸಿದರೆ ದರ ಬರುತ್ತದೆ, ಮತ್ತು ಚುಕ್ಕೆಯ ತಪ್ಪು ದರದಲ್ಲಿ ಬಚ್ಚಿಟ್ಟುಕೊಳ್ಳಲಾರದು. ಜೂನ್ ಸಾಲಿನಲ್ಲಿ 22,20,000ವನ್ನು 3,000 ಕಿಲೋದಿಂದ ಭಾಗಿಸಿದರೆ ಕಿಲೋಗೆ 740 ರೂಪಾಯಿ. ಶಾಟ್ ಬಂಗಾರದ್ದಲ್ಲವಲ್ಲ.

ನೂರಾರು ಸಾಮಾನುಗಳಿಗೆ ಇದನ್ನು ಒಂದೊಂದಾಗಿ ಮಾಡಲಾಗದು. ಸಾಮಾನಿನ ಹೆಸರು B ಕಾಲಂನಲ್ಲಿ, ದರ G ಕಾಲಂನಲ್ಲಿ ಇದ್ದರೆ, H ಕಾಲಂನಲ್ಲಿ ಆಯಾ ಸಾಮಾನಿನ ನಡುದರ, ಅಂದರೆ ಮೀಡಿಯನ್, ತೆಗೆದು, I ಕಾಲಂನಲ್ಲಿ ಹೋಲಿಸುತ್ತಾರೆ:

```
H2:  =MEDIAN(IF($B$2:$B$900=B2,$G$2:$G$900))
I2:  =IF(OR(G2>3*H2,G2<H2/3),"CHECK","")
```

ಹಳೆಯ ಎಕ್ಸೆಲ್‌ನಲ್ಲಿ ಮೊದಲ ಸೂತ್ರವನ್ನು Ctrl+Shift+Enter ಒತ್ತಿ ಮುಗಿಸಬೇಕು, ಬರೀ Enter ಒತ್ತಿದರೆ ಉತ್ತರ ತಪ್ಪು ಬರುತ್ತದೆ. ಸರಾಸರಿ ಬಿಟ್ಟು ಮೀಡಿಯನ್ ಯಾಕೆ ಎಂದು ನಿಮ್ಮ ಓದುಗರು ಕೇಳಬಹುದು. ಶಾಟ್‌ನ ಮೂರು ದರಗಳು 72, 72, 740. ಸರಾಸರಿ ಸುಮಾರು 295. ತಪ್ಪು ದರ 740 ಅದರ ಎರಡೂವರೆ ಪಟ್ಟು ಮಾತ್ರ, ಮೂರು ಪಟ್ಟಿನ ಗೆರೆ ದಾಟುವುದೇ ಇಲ್ಲ, CHECK ಬೀಳುವುದಿಲ್ಲ. ತಪ್ಪು ಅಂಕಿ ತನ್ನನ್ನು ಅಳೆಯುವ ಕೋಲನ್ನೇ ಉದ್ದ ಮಾಡಿಬಿಟ್ಟಿತು. ಮೀಡಿಯನ್ ಎಂದರೆ ಸಾಲಾಗಿ ಜೋಡಿಸಿದಾಗ ನಡುವೆ ಬರುವ ಅಂಕಿ, ಅದು 72. ಅದರ ಮುಂದೆ 740 ಹತ್ತು ಪಟ್ಟು, ತಕ್ಷಣ ಸಿಗುತ್ತದೆ. ಮೂರು ಪಟ್ಟು ಎಂಬ ಗೆರೆಗೂ ಕಾರಣ ಸರಳ: ಫೌಂಡ್ರಿಯ ಇಂಥ ಸಾಮಾನುಗಳ ದರ ಒಂದು ತ್ರೈಮಾಸಿಕದಲ್ಲಿ ಮೂರು ಪಟ್ಟು ಏರುವುದು ಬಹಳ ಕಡಿಮೆ, ಚುಕ್ಕೆಯ ತಪ್ಪು ಹತ್ತು ಪಟ್ಟಿಗಿಂತ ಕಡಿಮೆ ಇರುವುದೇ ಇಲ್ಲ. ಗೆರೆ ಎರಡರ ನಡುವೆ ಬೀಳುತ್ತದೆ.

ಈ ಉಪಾಯಕ್ಕೂ ಮಿತಿ ಇದೆ, ಕತೆಯಲ್ಲಿ ಅದು ಕಂಡರೆ ನಂಬಿಕೆ ಹೆಚ್ಚುತ್ತದೆ. ಲೇಬರ್ ಕಾಂಟ್ರ್ಯಾಕ್ಟ್, ರಿಪೇರಿ ಬಿಲ್ಲುಗಳಿಗೆ ಪ್ರಮಾಣವೇ ಇರುವುದಿಲ್ಲ, ಹಾಗಾಗಿ ದರವೂ ಇಲ್ಲ. ತ್ರೈಮಾಸಿಕದಲ್ಲಿ ಒಂದೇ ಸಲ ಕೊಂಡ ಸಾಮಾನಿಗೆ ಹೋಲಿಸಲು ಜೊತೆಗಾರರಿಲ್ಲ. ಇನ್ನು ಪ್ರಮಾಣವನ್ನೂ ಹತ್ತು ಪಟ್ಟು ತಪ್ಪಾಗಿ ಟೈಪ್ ಮಾಡಿದ್ದರೆ, 30,000 ಕಿಲೋಗೆ 22,20,000 ಎಂದರೆ ದರ ಅದೇ 74, ಸೂತ್ರ ಮೌನ. ಅಂಥ ಕಡೆ ಎರಕದ ಟನ್ನಿಗೆ ಭಾಗಿಸಿ ನೋಡಬೇಕು. ಈ ಫೌಂಡ್ರಿಯಲ್ಲಿ ಒಂದು ಟನ್ ಎರಕಕ್ಕೆ 5 ಕಿಲೋ ಶಾಟ್ ಬಿದ್ದಿದೆ, ಹಿಂದಿನ ತ್ರೈಮಾಸಿಕದಲ್ಲೂ ಅಷ್ಟೇ. ಅದು ಇದ್ದಕ್ಕಿದ್ದಂತೆ 20 ಕಿಲೋ ಆಗಿದೆ ಎಂದರೆ ಯಂತ್ರದ ಸುತ್ತ ನೆಲವೆಲ್ಲ ಗುಂಡುಗಳಾಗಿರಬೇಕು.

ಲೆಕ್ಕದ ಮೋಸ ಹಿಡಿಯಲು ಅಂಕಿಗಳ ಮೊದಲ ಅಂಕ ಎಷ್ಟು ಸಲ ಬರುತ್ತದೆ ಎಂದು ನೋಡುವ ಬೆನ್‌ಫರ್ಡ್ ನಿಯಮವನ್ನು ಕೆಲವರು ಕತೆಗಳಲ್ಲಿ ತರುತ್ತಾರೆ. ಇಲ್ಲಿ ಅದು ಕೆಲಸಕ್ಕೆ ಬಾರದು. ಚುಕ್ಕೆ ಜರುಗಿದರೂ ಮೊದಲ ಅಂಕ 2 ಹಾಗೇ 2 ಆಗಿಯೇ ಉಳಿಯುತ್ತದೆ.

ಈಗ ನಿಮಗೆ ಕತೆಯಲ್ಲಿ ಒಂದು ಹಳೆಯ ಮುನಿಮರ ಉಪಾಯ ಬಳಸುವ ಅವಕಾಶ ಇದೆ, ಬಿಡಬೇಡಿ. ಒಂದು ಮೊತ್ತ ಹತ್ತು ಪಟ್ಟಾಗಿ ಬರೆದುಹೋದರೆ, ಹೆಚ್ಚಾದದ್ದು ಸರಿಯಾದ ಮೊತ್ತದ ಒಂಬತ್ತು ಪಟ್ಟು. ಆದ್ದರಿಂದ ಎರಡು ಲೆಕ್ಕಗಳ ವ್ಯತ್ಯಾಸವನ್ನು 9ರಿಂದ ಭಾಗಿಸಿದರೆ ಆ ಸರಿಯಾದ ಮೊತ್ತವೇ ಹೊರಬರುತ್ತದೆ. ನೂರು ಪಟ್ಟಾಗಿದ್ದರೆ 99ರಿಂದ ಭಾಗಿಸಬೇಕು. ಚುಕ್ಕೆ ಆಚೆ ಕಡೆ ಜರುಗಿ ಮೊತ್ತ ಹತ್ತನೇ ಒಂದಾಗಿದ್ದರೆ, ಕೊರತೆಯನ್ನು 9ರಿಂದ ಭಾಗಿಸಿದಾಗ ತಪ್ಪಾಗಿ ಬರೆದ ಸಣ್ಣ ಮೊತ್ತ ಸಿಗುತ್ತದೆ. 27 ಬರೆಯುವ ಕಡೆ 72 ಬರೆದಂಥ ಅದಲುಬದಲಿನ ತಪ್ಪಿನಲ್ಲೂ ವ್ಯತ್ಯಾಸ 9ರಿಂದ ಭಾಗವಾಗುತ್ತದೆ, ಹಾಗಾಗಿ ಭಾಗವಾಯಿತು ಎಂದಷ್ಟಕ್ಕೆ ಚುಕ್ಕೆಯ ತಪ್ಪು ಎಂದು ತೀರ್ಮಾನಿಸುವಂತಿಲ್ಲ. ಬಂದ ಉತ್ತರದ ಮೊತ್ತಕ್ಕೆ ನಿಜವಾದ ಬಿಲ್ಲೊಂದು ಇರಬೇಕು.

ನಮ್ಮ ಲೆಕ್ಕದಲ್ಲಿ ವ್ಯತ್ಯಾಸ 20.41 ಲಕ್ಷ. 9ರಿಂದ ಭಾಗಿಸಿದರೆ 2.2678. ಅಂಥ ಬಿಲ್ಲು ಎಲ್ಲೂ ಇಲ್ಲ. ನಿಜದ ಆಫೀಸಿನಲ್ಲಿ ಹೀಗೇ ಆಗುತ್ತದೆ, ವ್ಯತ್ಯಾಸದಲ್ಲಿ ಬೇರೆ ಕಸವೂ ಬೆರೆತಿರುತ್ತದೆ. ದರ ನೋಡಿ ಅವಳಿಗೆ ಶಾಟ್ ಮೇಲೆ ಅನುಮಾನ ಬಂದಿದೆ, ಆದರೆ ಲೆಕ್ಕ ಕೂಡುತ್ತಿಲ್ಲ. ಇಲ್ಲಿ ಸ್ವಲ್ಪ ಹೊತ್ತು ಅವಳು ತಾನೇ ತಪ್ಪಿರಬಹುದು ಎಂದುಕೊಳ್ಳಲಿ. ಆಮೇಲೆ ಟ್ರಯಲ್ ಬ್ಯಾಲೆನ್ಸ್ ಜೊತೆ ಬಂದ ವಿವರದ ಪಟ್ಟಿ ತೆಗೆದು ಸಾಲು ಸಾಲು ಹೊಂದಿಸುವಾಗ ಒಂದು ಕ್ರೆಡಿಟ್ ನೋಟ್ ಸಿಗುತ್ತದೆ. ತೇವ ಹೆಚ್ಚಿದ್ದ ಮರಳನ್ನು ಹಿಂದಿರುಗಿಸಿದ್ದಕ್ಕೆ 43,000. ಫೌಂಡ್ರಿ ಅದನ್ನು ಕಳೆದಿದೆ, ವರದಿ ಕಳೆದಿಲ್ಲ. 20.41ರಲ್ಲಿ 0.43 ತೆಗೆದರೆ 19.98. ಅದನ್ನು 9ರಿಂದ ಭಾಗಿಸಿ.

2.22.

ಇನ್ನು ಮೂಲ ಬಿಲ್ಲು. ವಾಟ್ಸಾಪ್ ಫೋಟೋದಲ್ಲಿ ಮೊತ್ತದ ಜಾಗದಲ್ಲಿ ಮಡಿಕೆ ಬಿದ್ದು ಮಸುಕಾಗಿದೆ ಎಂದು ಬರೆದರೂ ತೊಂದರೆ ಇಲ್ಲ, ಯಾಕೆಂದರೆ ಒಂದೇ ಬಿಲ್ಲಿನಲ್ಲಿ ಅದೇ ಮೊತ್ತ ಬೇರೆ ಬೇರೆ ವೇಷದಲ್ಲಿ ಇರುತ್ತದೆ. ಕೊಲ್ಲಾಪುರ ಮಹಾರಾಷ್ಟ್ರದಲ್ಲಿ ಇರುವುದರಿಂದ ಬಿಲ್ಲಿನಲ್ಲಿ ಶೇ. 18 ಐಜಿಎಸ್‌ಟಿ ಒಂದೇ ಸಾಲಾಗಿ ಇರುತ್ತದೆ, ಅದು 39,960. ಬೆಳಗಾವಿಯದೇ ವ್ಯಾಪಾರಿಯಾಗಿದ್ದರೆ ಸಿಜಿಎಸ್‌ಟಿ, ಎಸ್‌ಜಿಎಸ್‌ಟಿ ಎಂದು ಶೇ. 9ರ ಎರಡು ಸಾಲು ಇರುತ್ತಿತ್ತು. 39,960ನ್ನು 0.18ರಿಂದ ಭಾಗಿಸಿದರೆ ಸರಿಯಾಗಿ 2,22,000. ಕೆಳಗೆ ತೆರಿಗೆ ಸೇರಿದ ಮೊತ್ತ 2,61,960 ಅಂಕಿಯಲ್ಲೂ ಅಕ್ಷರದಲ್ಲೂ ಇರುತ್ತದೆ. ಅಕ್ಷರದಲ್ಲಿ ಬರೆದದ್ದಕ್ಕೆ ಚುಕ್ಕೆಯ ಭಯವಿಲ್ಲ. ಲಾರಿಯ ಜೊತೆ ಬಂದ ಇ-ವೇ ಬಿಲ್ಲಿನಲ್ಲೂ ಮೊತ್ತ ಇರುತ್ತದೆ.

ಜಿಎಸ್‌ಟಿ ಪೋರ್ಟಲ್ಲಿನ ಜಿಎಸ್‌ಟಿಆರ್-2ಬಿ ನೋಡಿದಳು ಎಂದು ಬರೆಯುವ ಆಸೆ ಬರಬಹುದು. ವ್ಯಾಪಾರಿ ತಾನೇ ಸಲ್ಲಿಸಿದ ಮೊತ್ತ ಅದರಲ್ಲಿ ಕಾಣುವುದರಿಂದ ಅದು ಒಳ್ಳೆಯ ಸಾಕ್ಷಿ ಹೌದು. ಆದರೆ ಜೂನ್ ತಿಂಗಳ 2ಬಿ ತಯಾರಾಗುವುದು ಜುಲೈ 14ಕ್ಕೆ, ಅದೂ ಕ್ಲೈಂಟ್‌ನ ಲಾಗಿನ್‌ನಲ್ಲಿ. ನಿಮ್ಮ ಮೀಟಿಂಗ್ ಜುಲೈ 12ಕ್ಕೆ ಇದ್ದರೆ ಅದು ಅವಳಿಗೆ ಸಿಗದು. ಸಿಗದಿರುವುದೇ ಕತೆಗೆ ಅನುಕೂಲ, ಆಗ ಅವಳು ಸ್ಟೋರಿಗೆ ಫೋನ್ ಮಾಡಲೇಬೇಕು. ಕೇಳಬೇಕಾದದ್ದು ಮೊತ್ತವಲ್ಲ. ‘ಇಪ್ಪತ್ತೆರಡು ಲಕ್ಷ ಅಲ್ವೇನ್ರಿ?’ ಎಂದು ಕೇಳಿದರೆ ಕೆಲಸದ ಗಡಿಬಿಡಿಯಲ್ಲಿ ಇರುವವರು ಹೂಂ ಎಂದುಬಿಡಬಹುದು. ಉತ್ತರ ಬಾಯಿಗಿಡದ ಪ್ರಶ್ನೆ ಬೇಕು.

‘ನಮಸ್ಕಾರ್ರೀ ಕಾಕಾ. ಜೂನ್ ಕಡೀಕ ಕೊಲ್ಲಾಪುರದಿಂದ ಶಾಟ್ ಬಂದಿತ್ತಲ್ರೀ, ಎಷ್ಟ ಚೀಲ ಇಳಿಸ್ಕೊಂಡ್ರಿ?’

‘ನೂರಾ ಇಪ್ಪತ್ತ್ರೀ. ಇಪ್ಪತ್ತೈದ ಕಿಲೋದ ಚೀಲ.’

‘ಕಿಲೋ ಹ್ಯಾಂಗ ಹಾಕ್ಯಾರ್ರೀ?’

‘ಎಪ್ಪತ್ನಾಕ. ಎರಡ ರೂಪಾಯಿ ಏರಿಸ್ಯಾರ ನೋಡವ್ವಾ ಈ ಸಲ.’

ಚೀಲದ ಲೆಕ್ಕ, ದರ, ತೆರಿಗೆ, ಅಕ್ಷರದ ಮೊತ್ತ, ಒಂಬತ್ತರ ಭಾಗಾಕಾರ, ಎಲ್ಲವೂ ಒಂದೇ ಕಡೆ ಬೆರಳು ಮಾಡಿದವು. ಈಗ ಮ್ಯಾನೇಜರ್‌ಗೆ ಹೇಳುವ ದೃಶ್ಯ. ಆಫೀಸ್ ಗ್ರೂಪಿನಲ್ಲಿ ಮೆಸೇಜ್ ಹಾಕಿಸಬೇಡಿ. ತಪ್ಪು ಟೈಪ್ ಮಾಡಿದವರು ಯಾರು ಎಂಬ ಮಾತೂ ಮೊದಲು ಬರಬಾರದು, ಮೀಟಿಂಗಿಗೆ ಒಂದು ತಾಸು ಇರುವಾಗ ಅದರಿಂದ ಉಪಯೋಗವಿಲ್ಲ. ‘ಸರ್, ವರದೀಲಿ ಏನೋ ತಪ್ಪೈತಿ ಅನಸ್ತೈತ್ರಿ’ ಎಂದರೆ ಮ್ಯಾನೇಜರ್ ‘ಆಮ್ಯಾಲ ನೋಡೋಣ’ ಎನ್ನುತ್ತಾರೆ. ಎಲ್ಲಿ, ಎಷ್ಟು, ಯಾವುದರ ಆಧಾರದ ಮೇಲೆ ಎಂಬುದು ಒಂದೇ ಉಸಿರಿನಲ್ಲಿ ಬರಬೇಕು: ‘ಸರ್, ತಡಾ ಬಂದ ಬಿಲ್ಲಿನ ಶೀಟಿನ್ಯಾಗ ಏಳನೇ ಸಾಲು ನೋಡ್ರಿ. ಶಾಟ್ ಬಿಲ್ಲ ಎರಡ ಲಕ್ಷ ಇಪ್ಪತ್ತೆರಡ ಸಾವಿರೈತ್ರಿ, ನಾವು ಇಪ್ಪತ್ತೆರಡ ಲಕ್ಷ ಇಪ್ಪತ್ತ ಸಾವಿರ ಹಿಡದೇವ್ರಿ. ಬಿಲ್ಲಿನ ಫೋಟೋ ಇಲ್ಲೈತಿ.’ ಇಷ್ಟಾದ ಮೇಲೆ ವಾದಕ್ಕೆ ಏನೂ ಉಳಿಯುವುದಿಲ್ಲ.

ತಿದ್ದುವ ಭಾಗವನ್ನು ಕತೆಗಾರರು ಒಂದು ವಾಕ್ಯದಲ್ಲಿ ಮುಗಿಸುತ್ತಾರೆ. ನಿಜವಾದ ಬೆವರು ಇಳಿಯುವುದು ಅಲ್ಲೇ. ಸ್ಲೈಡಿನಲ್ಲಿರುವ ಅಂಕಿಯನ್ನು ಅಳಿಸಿ ಹೊಸದು ಬರೆಯುವುದು ತಿದ್ದುಪಡಿಯಲ್ಲ, ತೇಪೆ. ಮುಂದಿನ ಸಲ ವರದಿ ತಯಾರಿಸುವಾಗ ಹಳೆಯ 22.20 ಮತ್ತೆ ಎದ್ದು ಬರುತ್ತದೆ. ತಿದ್ದಬೇಕಾದದ್ದು ಮೂಲ ಸಾಲನ್ನು. ಆಮೇಲೆ ಮೂಲ ಸಾಲುಗಳನ್ನು ಗುಂಪು ಮಾಡಿ ಕೂಡಿ ತೋರಿಸುವ ಪಿವೋಟ್ ಕೋಷ್ಟಕಗಳನ್ನು ಹೊಸದಾಗಿಸಬೇಕು. ಎಕ್ಸೆಲ್‌ನ ಪಿವೋಟ್ ಸಾಮಾನ್ಯವಾಗಿ ಮೂಲ ಬದಲಾದ ಕೂಡಲೇ ತಾನಾಗಿ ಬದಲಾಗುವುದಿಲ್ಲ, Data ಪಟ್ಟಿಯಲ್ಲಿ Refresh All ಒತ್ತಬೇಕು. ಗಡಿಬಿಡಿಯಲ್ಲಿ ಮೂಲ ತಿದ್ದಿ ಇದನ್ನು ಮರೆತರೆ, ತಿದ್ದಿದ್ದೇವೆ ಎಂಬ ಧೈರ್ಯದಲ್ಲಿ ಹಳೆಯ ಅಂಕಿಯನ್ನೇ ಹಿಡಿದು ಹೋಗುತ್ತಾರೆ. ಮೊದಲಿದ್ದ ತಪ್ಪಿಗಿಂತ ಇದು ಕೆಟ್ಟದ್ದು.

ಪಿವೋಟ್ ಬದಲಾದರೂ ಸ್ಲೈಡು ಬದಲಾಗುವುದಿಲ್ಲ. ಚಾರ್ಟನ್ನು ಚಿತ್ರವಾಗಿ ಅಂಟಿಸಿದ್ದರೆ ಅದು ಸತ್ತ ಚಿತ್ರ. ವಾಕ್ಯಗಳೊಳಗಿನ ಅಂಕಿಗಳನ್ನು ಯಾರೋ ಕೈಯಿಂದ ಟೈಪ್ ಮಾಡಿರುತ್ತಾರೆ. ಅವಳು ಒಂದು ಕಾಗದದ ಮೇಲೆ ಈ ತಪ್ಪು ಹೆತ್ತ ಮಕ್ಕಳನ್ನೆಲ್ಲ ಬರೆದುಕೊಳ್ಳಲಿ: ಶಾಟ್‌ನ 26.52 ಈಗ 6.54 ಆಗಬೇಕು. ಗುಂಪಿನ 97.83 ಇಳಿದು 77.85. ಏರಿಕೆ ಶೇ. 32 ಹೋಗಿ ಶೇ. 5.1. ಉಳಿತಾಯ 2.65ರ ಬದಲು 0.65. ಮೊದಲ ಪುಟದ ಒಟ್ಟು ಮೊತ್ತ. ಎಲ್ಲ ಗುಂಪುಗಳ ಶೇಕಡಾ ಪಾಲು, ಯಾಕೆಂದರೆ ಕೆಳಗಿನ ಒಟ್ಟು ಬದಲಾದರೆ ಮುಟ್ಟದ ಗುಂಪಿನ ಪಾಲೂ ಬದಲಾಗುತ್ತದೆ. ಇದನ್ನು ಬಹಳ ಜನ ಮರೆಯುತ್ತಾರೆ. Ctrl+F ಒತ್ತಿ ‘97.83’ ಹುಡುಕಿದರೆ ಸಾಲದು. ಎಲ್ಲೋ ‘ಸುಮಾರು 98 ಲಕ್ಷ’ ಎಂದಿರುತ್ತದೆ, ಇನ್ನೆಲ್ಲೋ ‘ಮೂರನೇ ಒಂದರಷ್ಟು ಏರಿಕೆ’ ಎಂದು ಅಕ್ಷರದಲ್ಲಿ ಇರುತ್ತದೆ. ಕ್ಲೈಂಟ್‌ಗೆ ಕಳಿಸಲು ಡ್ರಾಫ್ಟಿನಲ್ಲಿಟ್ಟ ಮೇಲ್‌ನ ಮೊದಲ ಸಾಲಿನಲ್ಲೂ ಅದೇ ಅಂಕಿ ಕೂತಿರಬಹುದು, ಅದಕ್ಕೆ ಜೋಡಿಸಿದ ಪಿಡಿಎಫ್ ಹಳೆಯದೇ ಇರುತ್ತದೆ. ತಿದ್ದಿದವರೇ ಕೊನೆಯ ಓದು ಓದಬಾರದು, ಇನ್ನೊಬ್ಬರು ಓದಬೇಕು. ಮ್ಯಾನೇಜರ್ ಗಟ್ಟಿಯಾಗಿ ಅಂಕಿ ಓದುತ್ತ, ಅವಳು ಶೀಟಿನಲ್ಲಿ ಬೆರಳಿಡುತ್ತ ಹೋಗುವ ದೃಶ್ಯ ನಿಜಕ್ಕೆ ಹತ್ತಿರ.

ವರದಿಯ ಸಾರವೂ ಬದಲಾಗಿದೆ ಎಂಬುದನ್ನು ಕತೆ ತಪ್ಪಿಸಬಾರದು. ಉತ್ಪಾದನೆ ಶೇ. 4.7 ಏರಿದೆ, ಉಪಭೋಗ್ಯ ಖರ್ಚು ಶೇ. 5.1 ಏರಿದೆ. ಅಂದರೆ ಅಲ್ಲಿ ಸುದ್ದಿಯೇ ಇಲ್ಲ. ಶಾಟ್‌ನ ದರ ಒಪ್ಪಂದದ ಸ್ಲೈಡ್ ತೆಗೆಯಬೇಕು. ಅರವತ್ತೈದು ಸಾವಿರದ ಆಸೆ ತೋರಿಸಲು ಯಾರೂ ಕನ್ಸಲ್ಟೆಂಟ್‌ಗೆ ಹಣ ಕೊಡುವುದಿಲ್ಲ. ಹಳೆಯ ಸ್ಲೈಡ್ ಹೋಗಿದ್ದರೆ ಏನಾಗುತ್ತಿತ್ತು ಎಂಬುದನ್ನು ಫೌಂಡ್ರಿಯ ಖರೀದಿ ಮುಖ್ಯಸ್ಥರ ಕಡೆಯಿಂದ ಊಹಿಸಿ. ತಿಂಗಳಿಗೆ ಎರಡು ಲಕ್ಷ ಹದಿನಾರು ಸಾವಿರದ ಶಾಟ್ ಬಿಲ್ಲಿಗೆ ಅವರೇ ಸಹಿ ಹಾಕುತ್ತಾರೆ. ಹೊರಗಿನವರು ಬಂದು ಅದರಲ್ಲಿ ಮೂರು ತಿಂಗಳಿಗೆ ಎರಡು ಲಕ್ಷ ಅರವತ್ತೈದು ಸಾವಿರ ಉಳಿಸಿಕೊಡುತ್ತೇವೆ ಎಂದರೆ, ಆ ನಂತರ ಬರುವ ಮೂವತ್ತು ಸ್ಲೈಡುಗಳನ್ನೂ ಅವರು ನಂಬುವುದಿಲ್ಲ. ಆದ್ದರಿಂದ ಆ ಒಂದು ತಾಸಿನಲ್ಲಿ ಮ್ಯಾನೇಜರ್‌ಗೆ ಇರುವ ನಿಜವಾದ ಕಷ್ಟ ಎಂದರೆ, ಖಾಲಿಯಾದ ಆ ಜಾಗದಲ್ಲಿ ಏನು ಹೇಳುವುದು ಎನ್ನುವುದು. ಸುಮ್ಮನೆ ಸ್ಲೈಡ್ ತೆಗೆದು ಹೋಗುವುದೇ ಸರಿ ಎಂಬುದು ನನ್ನ ಅಭಿಪ್ರಾಯ, ಆದರೆ ನಿಮ್ಮ ಪಾತ್ರ ಏನು ಮಾಡುತ್ತದೋ ನಿಮಗೆ ಬಿಟ್ಟದ್ದು.

ಮುಂದೆ ಇಂಥದ್ದು ಆಗದಂತೆ ಆ ಶೀಟಿನಲ್ಲಿ ಮಾಡಬೇಕಾದ ಬದಲಾವಣೆ ಚಿಕ್ಕದು. ಎಲ್ಲ ಬಿಲ್ಲನ್ನೂ ರೂಪಾಯಿಯಲ್ಲೇ, ಕಾಗದದಲ್ಲಿ ಇದ್ದಂತೆಯೇ ಟೈಪ್ ಮಾಡುವುದು. ಲಕ್ಷಕ್ಕೆ ತಿರುಗಿಸುವ ಕೆಲಸವನ್ನು ವರದಿಯ ಕೊನೆಯಲ್ಲಿ ಒಂದೇ ಕಡೆ 1,00,000ದಿಂದ ಭಾಗಿಸುವ ಸೂತ್ರಕ್ಕೆ ಬಿಡುವುದು. ಜೊತೆಗೆ ಬಿಲ್ಲಿನ ತೆರಿಗೆ ಮೊತ್ತಕ್ಕೂ ಒಂದು ಕಾಲಂ ಇಟ್ಟರೆ, ತೆರಿಗೆ ಮತ್ತು ಮೊತ್ತದ ಅನುಪಾತ 5, 18 ಮುಂತಾದ ಬಳಕೆಯ ಶೇಕಡಾಗಳಲ್ಲಿ ಯಾವುದಕ್ಕೂ ಹೊಂದದಿದ್ದಾಗ ತಪ್ಪು ಟೈಪ್ ಮಾಡಿದ ಕ್ಷಣವೇ ಕಾಣುತ್ತದೆ. 22,20,000ಕ್ಕೆ 39,960 ತೆರಿಗೆ ಎಂದರೆ ಶೇ. 1.8, ಅಂಥ ದರ ಇಲ್ಲ.

ಕೊನೆಗೆ ಆ ಮರಳಿನ ಕ್ರೆಡಿಟ್ ನೋಟ್. ಚುಕ್ಕೆಯ ಗದ್ದಲದಲ್ಲಿ ಅದನ್ನು ಬಿಟ್ಟುಬಿಟ್ಟರೆ ತಿದ್ದಿದ ವರದಿಯ ಒಟ್ಟು 1,149.05 ಲಕ್ಷ ಬರುತ್ತದೆ, ಫೌಂಡ್ರಿಯ ಲೆಕ್ಕದಲ್ಲಿ 1,148.62. ನಲವತ್ತಮೂರು ಸಾವಿರದ ವ್ಯತ್ಯಾಸವನ್ನು ಮೀಟಿಂಗಿನಲ್ಲಿ ಅಕೌಂಟ್ಸಿನವರು ಕೇಳಿಯೇ ಕೇಳುತ್ತಾರೆ. ಅದನ್ನೂ ಮರಳಿನ ಸಾಲಿನಲ್ಲಿ ಕಳೆದು, ಎರಡೂ ಒಟ್ಟುಗಳು ಒಂದೇ ಆದ ಮೇಲೆಯೇ ಸವಿತಾ ಪಿಡಿಎಫ್ ಮಾಡಲಿ.